ತಳ ಕಾಣುವ ಗಾಯ, ತಳ ಕಾಣದ ಗಾಯ



ಹೊಸಪೇಟೆ, ಕಂಪ್ಲಿ, ಸಂಡೂರು ಸುತ್ತಿನ ಹಳ್ಳಿಗಳಲ್ಲಿ ದನದ ಡಾಕ್ಟರಾಗಿ ಓಡಾಡಿ ಬಹಳ ವರ್ಷವಾಯಿತು. ಗಾಯವಾದ ದನ ನೋಡಲು ಹೋದಾಗ, ನಾನು ತಲುಪುವ ಮೊದಲೇ ಅದಕ್ಕೆ ಏನಾದರೂ ಹಚ್ಚಿಯೇ ಇರುತ್ತಾರೆ. ಅರಿಶಿಣ ಇರಬಹುದು, ಬೇವಿನೆಣ್ಣೆ ಇರಬಹುದು. ಸುಣ್ಣ, ಒಲೆಯ ಬೂದಿ, ಸೀಮೆಎಣ್ಣೆ, ಟ್ರ್ಯಾಕ್ಟರಿನ ಹಳೇ ಆಯಿಲ್ಲು, ಇವನ್ನೂ ನೋಡಿದ್ದೇನೆ. "ಏನು ಹಚ್ಚೀರಮ್ಮ?" ಅಂತ ಕೇಳಿದರೆ ಮೊದಲು ಬರುವ ಉತ್ತರ, "ಏನೂ ಇಲ್ಲ ಬಿಡ್ರಿ ಸಾರ, ಸುಮ್ನೆ ಒಂದೀಟು ಅರಿಶಿಣ." ಆ 'ಸುಮ್ನೆ' ಎಂಬ ಮಾತಿನ ಬಗ್ಗೆಯೇ ಇವತ್ತು ಮಾತಾಡಬೇಕೆಂದಿದ್ದೇನೆ. ಅರಿಶಿಣ ಸುಮ್ಮನೆ ಹಚ್ಚುವ ವಸ್ತುವಲ್ಲ. ಹದವರಿತು ಮಾಡಿದರೆ ಅದು ಔಷಧಿಯೇ. ಆದರೆ ಯಾವ ಗಾಯಕ್ಕೆ ಎಂಬುದು ಮೊದಲು ಗೊತ್ತಾಗಬೇಕು.

ಕಂಪ್ಲಿ ಕಡೆಯ ಒಂದು ಮನೆಯ ಕಥೆ ಹೇಳುತ್ತೇನೆ. ಬಾಳೆತೋಟಕ್ಕೆ ಮುಳ್ಳುತಂತಿ ಹಾಕಿದ್ದರು. ಎರಡು ವರ್ಷದ ಕಡಸು ನಾಯಿ ಬೊಗಳಿದ್ದಕ್ಕೆ ಬೆದರಿ ತಂತಿ ಹಾರಲು ಹೋಗಿ, ಮುಂಗಾಲಿನ ಮೇಲೆ ಭುಜದ ಹತ್ತಿರ ನಾಲ್ಕು ಬೆರಳು ಉದ್ದಕ್ಕೆ ಚರ್ಮ ಕೆತ್ತಿಸಿಕೊಂಡಿತ್ತು. ರಕ್ತ ಮಂಡಿಯವರೆಗೆ ಇಳಿದಿತ್ತು, ಮನೆಯವರು ಹೆದರಿದ್ದರು. ಆದರೆ ಬೆಳಕಿಗೆ ತಂದು ನೋಡಿದರೆ ಗಾಯದ ತಳ ಸ್ಪಷ್ಟವಾಗಿ ಕಾಣುತ್ತಿತ್ತು. ಮೇಲುಚರ್ಮ ಕಿತ್ತು ಕೆಂಪು ಕಂಡಿತ್ತು ಅಷ್ಟೆ, ಒಳಗೆ ಮಾಂಸಖಂಡ ಸೀಳಿರಲಿಲ್ಲ, ಗಾಯದ ತುಟಿಗಳು ಬಾಯಿ ತೆರೆದಿರಲಿಲ್ಲ. ಕಡಸು ಕಾಲೂರಿ ನಿಂತಿತ್ತು, ಮೇವು ತಿನ್ನುತ್ತಿತ್ತು. ಇಂಥದ್ದು ಮನೆಯಲ್ಲೇ ವಾಸಿಯಾಗುವ ಗಾಯ. ನಾನು ಅವತ್ತು ಚೀಲದಿಂದ ಸೂಜಿ ತೆಗೆಯಲೇ ಇಲ್ಲ.

ಮೊದಲ ಕೆಲಸ ತೊಳೆಯುವುದು. ಔಷಧಿಗಿಂತ ಇದೇ ದೊಡ್ಡದು ಅಂತ ನನ್ನ ಅನುಭವ. ಒಂದು ಲೀಟರ್ ನೀರನ್ನು ಕುದಿಸಿ, ಒಂಬತ್ತು ಗ್ರಾಂನಷ್ಟು, ಅಂದರೆ ಸಣ್ಣ ಚಮಚೆಯಲ್ಲಿ ಒಂದೂವರೆಯಷ್ಟು ಉಪ್ಪು ಹಾಕಿ, ಆರಿದ ಮೇಲೆ ಚೊಂಬಿನಿಂದ ಮೇಲಿನಿಂದ ಧಾರೆಯಾಗಿ ಬಿಡಬೇಕು. ಬಟ್ಟೆಯಿಂದ ಉಜ್ಜಬಾರದು, ನೀರಿನ ಹರಿವೇ ಮಣ್ಣನ್ನು ಹೊರಗೆ ತರಬೇಕು. ಸಂಡೂರಿನ ಗಣಿ ರಸ್ತೆಯ ಪಕ್ಕದ ಊರುಗಳಲ್ಲಿ ಕೆಂಪು ದೂಳು ಗಾಯದೊಳಗೆ ಮೆತ್ತಿಕೊಂಡಿರುತ್ತದೆ. ಅಲ್ಲಿ ಒಂದು ಚೊಂಬು ಸಾಲದು, ಇಳಿಯುವ ನೀರು ತಿಳಿಯಾಗುವವರೆಗೂ ಬಿಡಬೇಕು. ಆಮೇಲೆ ಗಾಯದ ಸುತ್ತ ಎರಡು ಬೆರಳಗಲ ಕೂದಲನ್ನು ಕತ್ತರಿಯಿಂದ ಕತ್ತರಿಸಿಬಿಡಿ. ಕೂದಲು ಗಾಯದೊಳಗೆ ಮಡಚಿಕೊಂಡರೆ ಅಲ್ಲೇ ಕೀವು ಶುರು. ರಕ್ತ ಸೋರುತ್ತಿದ್ದರೆ ಒಗೆದ ಬಟ್ಟೆಯನ್ನು ಮಡಚಿ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುವೆ ತೆಗೆದು ನೋಡಬೇಡಿ. ನಿಂತಿತೋ ಇಲ್ಲವೋ ಅಂತ ಪ್ರತಿ ನಿಮಿಷಕ್ಕೆ ಬಟ್ಟೆ ಎತ್ತಿದರೆ ಅದು ನಿಲ್ಲುವುದಿಲ್ಲ.

ಇನ್ನು ಎಣ್ಣೆ. ಗಾಯದ ಎಣ್ಣೆ ಎಂದು ನಮ್ಮ ಹಳ್ಳಿಗಳಲ್ಲಿ ಒಂದೊಂದು ಮನೆಗೆ ಒಂದೊಂದು ಪಾಠವಿದೆ. ನಾನು ಹೇಳುತ್ತಿರುವುದು ಬೆಂಗಳೂರಿನ ಯಲಹಂಕ ಬಳಿಯ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದವರು ಹಳ್ಳಿಯ ನಾಟಿ ವೈದ್ಯರಿಂದ ಕಲೆಹಾಕಿ ಹದಗೊಳಿಸಿದ, ಆನಂದ್‌ನ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಹಾಲಿನ ಸಂಘಗಳ ಮೂಲಕ ರೈತರಿಗೆ ಕಲಿಸುತ್ತಿರುವ ಪಾಠ. ಕುಪ್ಪಿಗಿಡದ ಎಲೆ ಒಂದು ಹಿಡಿ, ಬೇವಿನ ಎಲೆ ಒಂದು ಹಿಡಿ, ತುಳಸಿ ಒಂದು ಹಿಡಿ, ಗೋರಂಟಿ ಎಲೆ ಒಂದು ಹಿಡಿ, ಬೆಳ್ಳುಳ್ಳಿ ಹತ್ತು ಎಸಳು, ಅರಿಶಿಣದ ಪುಡಿ 20 ಗ್ರಾಂ. ಇವನ್ನು ನುಣ್ಣಗೆ ಅರೆದು ಅರ್ಧ ಲೀಟರ್ ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆಯಲ್ಲಿ ಕಲಸಿ ಕುದಿಸಬೇಕು. ಕುಪ್ಪಿಗಿಡ ಯಾವುದು ಎಂದು ಕೇಳುವವರಿಗೆ: ಮಳೆ ಬಿದ್ದ ಮೇಲೆ ಹಿತ್ತಿಲಲ್ಲಿ, ಗೋಡೆ ಬುಡದಲ್ಲಿ ತಾನೇ ಹುಟ್ಟುವ ಮೊಳಕಾಲೆತ್ತರದ ಕಳೆ ಗಿಡ. ಬೆಕ್ಕಿಗೆ ಅದರ ಬೇರಿನ ವಾಸನೆ ಕಂಡರೆ ಹುಚ್ಚು, ಕಿತ್ತಿಟ್ಟರೆ ಬಂದು ಹೊರಳಾಡುತ್ತದೆ. ಗುರುತಿಗೆ ಅದೇ ಸಾಕು.

ಕುದಿಸುವುದರಲ್ಲಿ ಒಂದು ಹದವಿದೆ. ಸಣ್ಣ ಉರಿಯಲ್ಲಿ ಇಟ್ಟಾಗ ಮೊದಮೊದಲು ಎಣ್ಣೆ ನೊರೆಯಾಗಿ ಚಟಪಟ ಎನ್ನುತ್ತದೆ. ಅದು ಎಲೆಯಲ್ಲಿರುವ ನೀರು ಆವಿಯಾಗುವ ಸದ್ದು. ಸದ್ದು ನಿಂತು ನೊರೆ ಇಳಿದು ಎಲೆಯ ಚರಟ ಗರಿಗರಿಯಾದಾಗ ಇಳಿಸಬೇಕು. ಮೊದಲೇ ಇಳಿಸಿದರೆ ನೀರು ಉಳಿದು ಎಣ್ಣೆ ನಾಲ್ಕು ದಿನಕ್ಕೆ ಮುಗ್ಗುತ್ತದೆ. ಕಪ್ಪಗೆ ಸೀಯಿಸಿದರೆ ಎಲೆ ಸುಟ್ಟುಹೋಗಿ ಬರೀ ಎಣ್ಣೆ ಉಳಿಯುತ್ತದೆ. ಪೂರ್ತಿ ಆರಿದ ಮೇಲೆ ಒಣಗಿದ ಗಾಜಿನ ಬಾಟಲಿಗೆ ತುಂಬಿಡಿ. ಬಿಸಿ ಎಣ್ಣೆ ಹಚ್ಚಿ ಸುಟ್ಟ ಗಾಯ ಮಾಡಿದವರನ್ನೂ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಎಣ್ಣೆಯೇ ಏಕೆ, ನೀರಲ್ಲಿ ಕಲಸಿದರೆ ಆಗದೇ ಎಂದು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಅರಿಶಿಣಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ಸಾರವೇ ಬಾವು ಇಳಿಸುವುದು. ಅದು ನೀರಲ್ಲಿ ಕರಗುವುದೇ ಇಲ್ಲ ಎನ್ನಬಹುದು, ಎಣ್ಣೆಯಲ್ಲಿ ಕರಗುತ್ತದೆ. ಒಣ ಪುಡಿಯನ್ನು ಗಾಯದ ಮೇಲೆ ಚಿಮುಕಿಸಿದರೆ ಅದು ಗಾಯದ ರಸದ ಜೊತೆ ಸೇರಿ ಗಟ್ಟಿ ಹಕ್ಕಳೆಯಾಗುತ್ತದೆ, ಮೇಲೆ ಒಣಗಿದಂತೆ ಕಂಡು ಕೆಳಗೆ ಕೀವು ಕಟ್ಟುತ್ತದೆ. ಬೇವಿನ ಕೆಲಸ ಬೇರೆ. ಅದರ ಕಹಿ ವಾಸನೆಗೆ ನೊಣ ಕೂರಲು ಹಿಂಜರಿಯುತ್ತದೆ, ದನವೂ ಗಾಯ ನೆಕ್ಕುವುದು ಕಡಿಮೆ ಮಾಡುತ್ತದೆ. ಇನ್ನೊಂದು ಮಾತು, ಅಂಗಡಿಯ ಬಿಡಿ ಪುಡಿಗಿಂತ ಅರಿಶಿಣದ ಕೊಂಬು ತಂದು ಮನೆಯಲ್ಲೇ ಕುಟ್ಟಿಕೊಳ್ಳಿ. ಬಣ್ಣ ಬೆರೆಸಿದ ಪುಡಿ ಅನ್ನಕ್ಕೂ ಬೇಡ, ಗಾಯಕ್ಕೂ ಬೇಡ.

ಕಂಪ್ಲಿಯ ಕಡಸಿಗೆ ದಿನಕ್ಕೆ ಎರಡು ಸಲ, ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಮತ್ತು ಸಂಜೆ, ಎಣ್ಣೆ ಹಚ್ಚಿದರು. ಎರಡನೇ ದಿನ ಗಾಯದ ಅಂಚು ಸ್ವಲ್ಪ ಊದಿಕೊಂಡಿತ್ತು. ಮನೆಯವರು ಫೋನ್ ಮಾಡಿದರು. ಆ ಊತ ಸಹಜ. ಮೂರನೇ ದಿನ ತೆಳ್ಳಗಿನ ಹಳದಿ ರಸ ಬಂತು, ವಾಸನೆ ಇರಲಿಲ್ಲ. ಅದೂ ಸಹಜ. ರಸ ದಪ್ಪಗಾಗಿ ಬೆಳ್ಳಗೆ ಇಲ್ಲವೇ ಹಸಿರಿಗೆ ತಿರುಗಿ ನಾರಿದರೆ ಅದು ಕೀವು. ಆರನೇ ದಿನಕ್ಕೆ ತಳದಲ್ಲಿ ದಾಳಿಂಬೆ ಕಾಳಿನಂತೆ ಸಣ್ಣ ಸಣ್ಣ ಕೆಂಪು ಮಾಂಸದ ಮೊಳಕೆ ಕಂಡವು. ಆ ಕೆಂಪು ಕಂಡಿತೆಂದರೆ ಗಾಯ ಒಳಗಿನಿಂದ ತುಂಬಿಕೊಳ್ಳುತ್ತಿದೆ ಎಂದರ್ಥ. ಅಲ್ಲಿಂದಾಚೆಗಂತೂ ಉಜ್ಜಿ ತೊಳೆಯಲೇಬಾರದು, ಮೊಳಕೆ ಕಿತ್ತುಹೋಗುತ್ತದೆ. ಮೂರು ವಾರಕ್ಕೆ ಚರ್ಮ ಕೂಡಿತು. ಕೂದಲು ಬರಲು ಇನ್ನೂ ತಡವಾಯಿತು, ಅದರಿಂದ ಕಡಸಿಗೇನೂ ಬೇಸರವಾಗಲಿಲ್ಲ.

ನಡುವೆ ಒಂದು ಮಾತು. 1995ರಲ್ಲಿ ಅಮೆರಿಕದಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅರಿಶಿಣದಿಂದ ಗಾಯ ವಾಸಿ ಮಾಡುವುದರ ಮೇಲೆ ಪೇಟೆಂಟ್ ಸಿಕ್ಕಿತ್ತು. ನಮ್ಮ ಸಿಎಸ್‌ಐಆರ್ ಸಂಸ್ಥೆಯವರು ಹಳೆಯ ಗ್ರಂಥಗಳನ್ನೂ 1953ರಲ್ಲಿ ಭಾರತೀಯ ವೈದ್ಯರ ಪತ್ರಿಕೆಯೊಂದರಲ್ಲಿ ಬಂದ ಲೇಖನವನ್ನೂ ಮುಂದಿಟ್ಟು ಅದನ್ನು ಪ್ರಶ್ನಿಸಿದರು. 1997ರಲ್ಲಿ ಪೇಟೆಂಟ್ ರದ್ದಾಯಿತು. ಆ ಸುದ್ದಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಕನ್ನಡದಲ್ಲೇ 12ನೇ ಶತಮಾನದ ಚಾಲುಕ್ಯರ ಕೀರ್ತಿವರ್ಮ ಗೋವೈದ್ಯ ಬರೆದಿದ್ದಾನೆ, ನಮಗೆ ಇದೆಲ್ಲ ಹೊಸದಲ್ಲ. ಆದರೆ ಒಂದನ್ನು ನೆನಪಿಡಬೇಕು. ಅಲ್ಲಿ ಸಾಬೀತಾದದ್ದು ಈ ವಿದ್ಯೆ ಹಳೆಯದು ಎಂಬುದು. ಎಲ್ಲ ಗಾಯಕ್ಕೂ ಅರಿಶಿಣ ಸಾಕು ಎಂದು ಯಾರೂ ಸಾಬೀತು ಮಾಡಲಿಲ್ಲ. ಹಳೆಯದು ಅಂದಮಾತ್ರಕ್ಕೆ ಎಲ್ಲದಕ್ಕೂ ಆಗುತ್ತದೆ ಎಂದುಕೊಳ್ಳುವ ಕಡೆಯೇ ನಮ್ಮ ದನ ಸಾಯುವುದು.

ಈಗ ಎರಡನೇ ಗಾಯ. ಕಬ್ಬು ಕಡಿದ ಗದ್ದೆಯಲ್ಲಿ ಎತ್ತು ಮೇಯಲು ಬಿಟ್ಟಿದ್ದರು. ಕಡಿದ ಕಬ್ಬಿನ ಕೂಳೆ ಓರೆಯಾಗಿ, ಚೂಪಾಗಿ ನಿಂತಿರುತ್ತದೆ, ಉಳಿಯಂತೆ. ಎತ್ತಿನ ಹಿಂಗಾಲಿನ ಎರಡು ಗೊರಸಿನ ನಡುವೆ ಅದು ಚುಚ್ಚಿತು. ನಮ್ಮ ಕಡೆಯ ಬಳ್ಳಾರಿ ಜಾಲಿಯ ಮುಳ್ಳೂ ಇದೇ ಕೆಲಸ ಮಾಡುತ್ತದೆ. ರೈತ ಮುರಿದ ಚೂರನ್ನು ಕಿತ್ತ, ಎರಡು ಹನಿ ರಕ್ತ ಬಂತು, ಅರಿಶಿಣ ಎಣ್ಣೆ ತುಂಬಿ ಬಟ್ಟೆ ಕಟ್ಟಿದ. ಮರುದಿನ ರಂಧ್ರವೇ ಕಾಣದಂತೆ ಮುಚ್ಚಿತ್ತು. "ಅರಿಶಿಣ ಎಂಥಾ ಕೆಲಸ ಮಾಡೈತಿ ನೋಡ್ರಿ" ಎಂದು ಅಕ್ಕಪಕ್ಕದವರಿಗೆ ಹೇಳಿದ್ದನಂತೆ. ಐದನೇ ದಿನ ಎತ್ತು ಕಾಲನ್ನು ನೆಲಕ್ಕೆ ಮುಟ್ಟಿಸಲಿಲ್ಲ. ಗೊರಸಿನ ಮೇಲಿನ ಗೆಣ್ಣು ತೆಂಗಿನಕಾಯಿಯಷ್ಟು ಊದಿತ್ತು, ಮುಟ್ಟಿದರೆ ಬಿಸಿ. ನಾನು ಹೋಗಿ ಗೊರಸಿನ ನಡುವೆ ಕೆತ್ತಿ ಬಾಯಿ ತೆಗೆದಾಗ ಕಪ್ಪಗಿನ ನಾರುವ ಕೀವಿನ ಜೊತೆ ಕಡ್ಡಿಯಷ್ಟು ಕಬ್ಬಿನ ಸೀಳು ಹೊರಬಂತು. ಅರಿಶಿಣ ತನ್ನ ಕೆಲಸ ಮಾಡಿತ್ತು, ಆದರೆ ಮೇಲಿನ ಬಾಯಿಗೆ ಮಾತ್ರ. ಒಳಗಿನ ಕಸ ಒಳಗೇ ಉಳಿದಿತ್ತು. ಎತ್ತು ಇಪ್ಪತ್ತು ದಿನ ಕೆಲಸಕ್ಕೆ ಬರಲಿಲ್ಲ. ಬಿತ್ತನೆಯ ಹೊತ್ತಿಗೆ ಇಪ್ಪತ್ತು ದಿನ ಎಂದರೆ ಏನೆಂದು ನಿಮಗೆ ನಾನು ಹೇಳಬೇಕಿಲ್ಲ.

ಅದಕ್ಕೇ ನಾನು ಎಲ್ಲರಿಗೂ ಹೇಳುವ ಮಾತು ಒಂದೇ. ತಳ ಕಂಡರೆ ನೀವೇ ನೋಡಿಕೊಳ್ಳಿ, ತಳ ಕಾಣದಿದ್ದರೆ ನಮ್ಮನ್ನು ಕರೆಯಿರಿ. ರಕ್ತ ಎಷ್ಟು ಬಂತು ಎಂಬುದು ಅಳತೆಯಲ್ಲ. ಬೆರಳು ತುದಿಯಷ್ಟು ಬಾಯಿ ಇದ್ದು ಒಳಗೆ ಎಷ್ಟು ಆಳವೋ ತಿಳಿಯದ ಗಾಯ, ಗೆಣ್ಣು ಕೀಲಿನ ಪಕ್ಕದ್ದು, ಹೊಟ್ಟೆ ಎದೆಯ ಮೇಲಿನ ಕೋಡು ತಿವಿತ, ಕಣ್ಣಿನ ಹತ್ತಿರದ್ದು, ಕೆಚ್ಚಲು ಮತ್ತು ತೊಟ್ಟಿನದು, ಇವು ಸಣ್ಣದಾಗಿ ಕಂಡರೂ ಸಣ್ಣವಲ್ಲ. ಬೆಳ್ಳುಳ್ಳಿಯ ಎಣ್ಣೆಯನ್ನಂತೂ ಕಣ್ಣಿನ ಹತ್ತಿರಕ್ಕೂ ತರಬೇಡಿ. ಇಂಥ ಆಳದ ಗಾಯದೊಳಗೆ ಗಾಳಿ ಸೇರದ ಕಡೆ ಧನುರ್ವಾಯುವಿನ ರೋಗಾಣು ಬೆಳೆಯುತ್ತದೆ. ಅದು ಮಣ್ಣಿನಲ್ಲೂ ಸಗಣಿಯಲ್ಲೂ ಇರುತ್ತದೆ. ಗಾಯಕ್ಕೆ ಸಗಣಿ ಬಳಿಯುವ ರೂಢಿ ಬಿಡಿ ಎಂದು ನಾವು ಬೈಯುವುದು ಅದಕ್ಕೇ. ಕುರಿ, ಮೇಕೆ, ಕುದುರೆಗೆ ಧನುರ್ವಾಯು ದನಕ್ಕಿಂತ ಬೇಗ ತಗಲುತ್ತದೆ. ಕುರಿಮರಿಗಳ ಬೀಜ ಒಡೆಸಿದ ವಾರ ಹತ್ತು ದಿನದ ಮೇಲೆ ಮರಿ ಮರದ ಕುದುರೆಯಂತೆ ನಾಲ್ಕು ಕಾಲೂ ಬಿಗಿದು ನಿಂತರೆ, ಕಣ್ಣಿನ ಒಳಮೂಲೆಯ ಬಿಳಿ ಪರದೆ ಮುಂದೆ ಬಂದರೆ, ದವಡೆ ತೆರೆಯದಿದ್ದರೆ, ಯಾವ ಎಣ್ಣೆಯ ಕೆಲಸವೂ ಮುಗಿದಿರುತ್ತದೆ.

ತಳ ಕಂಡರೂ ಕರೆಯಬೇಕಾದ ಗಾಯ ಒಂದಿದೆ. ಗಾಯದ ಎರಡು ತುಟಿ ಬಾಯಿ ಬಿಟ್ಟು ನೇತಾಡುವಂಥದ್ದು. ಅದಕ್ಕೆ ಹೊಲಿಗೆ ಬೇಕು. ಆರೆಂಟು ಗಂಟೆಯೊಳಗೆ ಸಿಕ್ಕರೆ ಹೊಲಿಗೆ ಚೆನ್ನಾಗಿ ಕೂಡುತ್ತದೆ. ಇಂಥ ಗಾಯಕ್ಕೆ ನೀವು ಎಣ್ಣೆ ಹಚ್ಚಿಬಿಟ್ಟರೆ ನಮಗೆ ಕಷ್ಟ, ಎಣ್ಣೆಯ ಅಂಚಿಗೆ ಹೊಲಿಗೆ ಹಿಡಿಯುವುದಿಲ್ಲ. ಉಪ್ಪುನೀರಿನಲ್ಲಿ ತೊಳೆದು, ಒದ್ದೆ ಶುಭ್ರ ಬಟ್ಟೆ ಮುಚ್ಚಿ, ಏನೂ ಹಚ್ಚದೆ ಕಾಯಿರಿ. ಲಾರಿ ತಾಗಿದ ದನದ್ದೂ ಬೇರೆ ಲೆಕ್ಕ. ಸಂಡೂರು ರಸ್ತೆಯಲ್ಲಿ ಇದು ಮಾಮೂಲಿ. ಮೇಲೆ ಒಂದು ತರಚಲು, ಒಳಗೆ ರಕ್ತ ಸೋರುತ್ತಿರಬಹುದು. ಕಣ್ಣಿನ ಕೆಳರೆಪ್ಪೆ ಕೆಳಗೆ ಎಳೆದು ನೋಡಿ. ಗುಲಾಬಿ ಬಣ್ಣ ಹೋಗಿ ಕಾಗದದಂತೆ ಬಿಳುಪಾಗಿದ್ದರೆ ತರಚಿದ್ದನ್ನು ಮರೆತು ಡಾಕ್ಟರಿಗೆ ಫೋನ್ ಮಾಡಿ.

ಹುಳ ಬಿದ್ದ ಗಾಯದ ಬಗ್ಗೆ ಹೇಳದೆ ಹೋದರೆ ಈ ಮಾತು ಅರ್ಧವಾದೀತು. ನೊಣ ಗಾಯದ ಅಂಚಿಗೆ ಅಕ್ಕಿ ನುಚ್ಚಿನಂತೆ ಬಿಳಿ ಮೊಟ್ಟೆ ಅಂಟಿಸಿ ಹೋಗುತ್ತದೆ. ಒಂದು ದಿನದೊಳಗೆ ಮರಿಯಾಗಿ ಹುಳು ಮಾಂಸಕ್ಕೆ ಇಳಿಯುತ್ತದೆ. ದನ ಬಾಲ ಬೀಸುವುದು, ಕಾಲು ಝಾಡಿಸುವುದು, ಗಾಯದಿಂದ ತಿಳಿ ರಕ್ತ ಬೆರೆತ ನೀರು ಸೋರುವುದು, ಒಂದು ಥರದ ಹುಳಿನಾತ, ಇವು ಗುರುತು. ಗಾಯವನ್ನು ಬೆಳಕಲ್ಲಿ ದಿಟ್ಟಿಸಿದರೆ ಒಳಗೆ ಏನೋ ಉಸಿರಾಡಿದಂತೆ ಅಲುಗುತ್ತದೆ. ನಿಜವಾಗಿ ಉಸಿರಾಟವೇ ಅದು. ಹುಳು ತಲೆಯನ್ನು ಮಾಂಸದಲ್ಲಿ ನೆಟ್ಟು ಹಿಂಭಾಗವನ್ನು ಮೇಲಿಟ್ಟು ಅಲ್ಲಿಂದ ಉಸಿರಾಡುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಪುಡಿ ಮಾಡಿ ಕರಗಿಸಿ ಗಾಯದೊಳಗೆ ತುಂಬಿದರೆ ಉಸಿರು ಕಟ್ಟಿ ಹುಳು ಮೇಲಕ್ಕೆ ಬರುತ್ತವೆ. ಆಗ ಚಿಮುಟದಿಂದ ಒಂದೊಂದಾಗಿ ತೆಗೆದು ನೀರಿನ ಡಬ್ಬಿಗೆ ಹಾಕಿ, ನೆಲಕ್ಕೆ ಬಿಸಾಕಬೇಡಿ, ಮಣ್ಣಿಗಿಳಿದು ಮತ್ತೆ ನೊಣವಾಗುತ್ತದೆ. ಸೀತಾಫಲದ ಎಲೆ ಅರೆದು ಕಟ್ಟುವುದೂ ಇದೇ ಕೆಲಸಕ್ಕೆ. ಆದರೆ ಎಲೆ ಮಾತ್ರ. ಬೀಜದ ಪುಡಿ ಕಣ್ಣಿಗೆ ತಾಗಿದರೆ ಕಣ್ಣು ಕೆಡುತ್ತದೆ, ನಿಮ್ಮದೂ, ದನದ್ದೂ. ಕರ್ಪೂರವಾಗಲಿ ಸೀತಾಫಲವಾಗಲಿ ಹುಳು ಇರುವ ಮೊದಲ ದಿನಕ್ಕೆ ಮಾತ್ರ, ಮರುದಿನದಿಂದ ಮಾಮೂಲಿ ಎಣ್ಣೆ. ಎರಡನೇ ದಿನವೂ ಹುಳು ಕಂಡರೆ, ಗಾಯ ಗುಹೆಯಂತಾಗಿದ್ದರೆ, ಮೂಗು, ಕಿವಿ, ಬಾಲದ ಬುಡದಲ್ಲಿದ್ದರೆ ನಮ್ಮ ಕೆಲಸ.

ಭತ್ತದ ಗದ್ದೆಗೆ ಹಾಕುವ ಹರಳು ಔಷಧಿಯನ್ನು ಹುಳ ಬಿದ್ದ ಗಾಯಕ್ಕೆ ತುಂಬುವವರಿದ್ದಾರೆ. ಹುಳು ಸಾಯುತ್ತದೆ, ಸಂಶಯವಿಲ್ಲ. ಅದೇ ವಿಷ ರಕ್ತಕ್ಕಿಳಿದು, ನೆಕ್ಕಿದಾಗ ಹೊಟ್ಟೆಗಿಳಿದು ಜೊಲ್ಲು ಸುರಿಸಿ, ನಡುಗಿ ಬಿದ್ದ ಹೋರಿಯನ್ನು ನಾನೇ ನೋಡಿದ್ದೇನೆ. ಹುಳುವಿಗಿಂತ ಮೊದಲು ಹೋರಿ ಸತ್ತಿತ್ತು.

ಇನ್ನು ನನ್ನದೇ ಒಂದು ತಪ್ಪು. ಹೇಳಲೇಬೇಕು. ಕೆಲಸಕ್ಕೆ ಸೇರಿದ ಹೊಸತು. ಹಂಪಿ ಸಮೀಪದ ಒಂದು ಹಳ್ಳಿಯಿಂದ ಒಬ್ಬ ಅಜ್ಜಿ ಮಗನ ಕೈಲಿ ಹೇಳಿಕಳಿಸಿದಳು. ಎಮ್ಮೆಯ ಮೂತಿಯ ಮೇಲೆ ಸಣ್ಣ ಗಾಯ, ಎರಡು ಚುಕ್ಕೆ, ಏನು ಹಚ್ಚಲಿ? ನಾನು ಬೇರೆ ಊರಿಗೆ ಹೊರಟಿದ್ದೆ. "ಅರಿಶಿಣ ಬೇವಿನೆಣ್ಣೆ ಹಚ್ಚಲಿಕ್ಕೆ ಹೇಳಪ್ಪ, ಸಣ್ಣದಲ್ಲ?" ಎಂದುಬಿಟ್ಟೆ. ಏನು ಕಚ್ಚಿತು ಎಂದು ಕೇಳಲಿಲ್ಲ. ಅಜ್ಜಿ ಹೇಳಿದ ಹಾಗೆ ಹಚ್ಚಿದಳು, ಗಾಯ ವಾಸಿಯಾಯಿತು. ತಿಂಗಳು ಕಳೆದ ಮೇಲೆ ಎಮ್ಮೆ ಮೇವು ಬಿಟ್ಟಿತು, ಜೊಲ್ಲು ಸುರಿಸಿತು, ಗಂಟಲು ಒಡೆದಂತೆ ಒಂದೇ ಸಮನೆ ಅರಚಿತು. ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಮಗ ಬಾಯೊಳಗೆ ಕೈ ಹಾಕಿ ಹುಡುಕಿದ್ದ. ನಾನು ಹೋಗಿ ನೋಡಿದಾಗ ಕೇಳಿದೆ, ಹಿಂದೆ ನಾಯಿ ಏನಾದರೂ ಕಚ್ಚಿತ್ತಾ? "ಹೌದ್ರಿ ಸಾರ, ಮೂತಿಗೆ ಅವತ್ತು ಬೀದಿನಾಯಿನೇ ಕಚ್ಚಿದ್ದು. ನೀವೇ ಅರಿಶಿಣ ಹಚ್ಚು ಅಂದ್ರಲ್ಲ." ಎರಡು ದಿನಕ್ಕೆ ಎಮ್ಮೆ ಹೋಯಿತು. ಅದರ ಬಾಯಿ ಮುಟ್ಟಿದ ಮಗನನ್ನೂ, ಮೈ ಒರೆಸಿದ ಅಜ್ಜಿಯನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿದೆ. ಅವರಿಗೆ ಏನೂ ಆಗಲಿಲ್ಲ. ಅಜ್ಜಿ ನನ್ನನ್ನು ಬೈಯಲೂ ಇಲ್ಲ.

ನಾಯಿ, ನರಿ, ಮುಂಗುಸಿ, ಯಾವುದೇ ಪ್ರಾಣಿ ಕಚ್ಚಿದ ಗಾಯಕ್ಕೆ ಅರಿಶಿಣವೂ ಬೇಡ, ಬೇವೂ ಬೇಡ, ಖಾರದಪುಡಿ ಸುಣ್ಣ ಮೊದಲೇ ಬೇಡ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಬಟ್ಟೆ ಸೋಪು ಹಚ್ಚಿ ಸುರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಹುಚ್ಚುನಾಯಿ ರೋಗದ ವೈರಸ್ಸು ಸೋಪಿಗೆ ಸಾಯುತ್ತದೆ, ಅರಿಶಿಣಕ್ಕಲ್ಲ. ಕಟ್ಟು ಹಾಕಬೇಡಿ. ಅದೇ ದಿನ ಡಾಕ್ಟರಿಗೆ ತಿಳಿಸಿ. ಕಚ್ಚಿದ ಮೇಲೆ ದನಕ್ಕೂ ಚುಚ್ಚುಮದ್ದು ಉಂಟು: ಮೊದಲ ದಿನ, ಆಮೇಲೆ 3, 7, 14, 28ನೇ ದಿನ. ಗಾಯ ವಾಸಿಯಾಯಿತು ಎಂದು ನಡುವೆ ನಿಲ್ಲಿಸಬೇಡಿ, ಈ ರೋಗದಲ್ಲಿ ಗಾಯ ವಾಸಿಯಾಗುವುದಕ್ಕೂ ಜೀವ ಉಳಿಯುವುದಕ್ಕೂ ಸಂಬಂಧವಿಲ್ಲ. ಲಕ್ಷಣ ಶುರುವಾದ ದನದ ಹಾಲನ್ನು ಬಳಸಬೇಡಿ, ಬಾಯಿಗೆ ಕೈ ಹಾಕಬೇಡಿ.

ಗಾಯದಂತೆ ಕಂಡರೂ ಗಾಯವಲ್ಲದವೂ ಇವೆ. ಬಾಯಲ್ಲೂ ಗೊರಸಿನ ನಡುವೆಯೂ ಒಟ್ಟಿಗೆ ಹುಣ್ಣಾಗಿ ಜೊಲ್ಲು ಸುರಿದರೆ ಕಾಲುಬಾಯಿ ಜ್ವರ. ಮೈತುಂಬ ಗಂಟೆದ್ದು ಒಡೆದರೆ ಚರ್ಮಗಂಟು ರೋಗ. 2022ರಲ್ಲಿ ನಾವದನ್ನು ಕಂಡಿದ್ದೇವೆ. ಮಳೆಗಾಲದಲ್ಲಿ ಚೆನ್ನಾಗಿ ಮೈ ತುಂಬಿದ ಎಳೇ ದನ ರಾತ್ರೋರಾತ್ರಿ ಕುಂಟಿ, ತೊಡೆ ಊದಿ, ಒತ್ತಿದರೆ ಒಣಎಲೆ ಮುರಿದಂತೆ ಚರಚರ ಎಂದರೆ ಅದು ಚಪ್ಪೆ ರೋಗ. ಎಲ್ಲೋ ಬಿದ್ದು ಪೆಟ್ಟಾಗಿದೆ ಎಂದು ಎಣ್ಣೆ ತಿಕ್ಕುತ್ತ ಕೂತರೆ ಒಂದೆರಡು ದಿನದೊಳಗೆ ದನ ಇಲ್ಲ. ಮೊದಲ ಎರಡರಲ್ಲಿ ಹುಣ್ಣಿಗೆ ಇದೇ ಎಣ್ಣೆ ಹಚ್ಚಬಹುದು, ತಪ್ಪಿಲ್ಲ. ಆದರೆ ಮೊದಲು ಇಲಾಖೆಗೆ ತಿಳಿಸಿ, ಪಕ್ಕದ ಕೊಟ್ಟಿಗೆಯೂ ಉಳಿಯಬೇಕಲ್ಲ.

ಮನೆಯಲ್ಲೇ ನೋಡಿಕೊಳ್ಳುತ್ತಿರುವ ಗಾಯದ ದನ ಮೆಲುಕು ಹಾಕುವುದು ನಿಲ್ಲಿಸಿದರೆ, ಮೂಗಿನ ಮೇಲಿನ ಬೆವರಹನಿ ಒಣಗಿದರೆ, ಮೂರು ದಿನವಾದರೂ ಊತ ಇಳಿಯದೆ ಏರಿದರೆ ಅವತ್ತೇ ಫೋನ್ ಮಾಡಿ. ಜ್ವರ ನೋಡುವ ಮೀಟರ್ ಇದ್ದರೆ 103 ಡಿಗ್ರಿ ದಾಟಿದೆಯಾ ನೋಡಿ. ನಾವು ಆ್ಯಂಟಿಬಯೋಟಿಕ್ ಕೊಟ್ಟರೆ ಎಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದು ಎಂದೂ ಹೇಳುತ್ತೇವೆ, ಅದನ್ನು ಪಾಲಿಸಿ. ಸಣ್ಣ ಗಾಯಕ್ಕೆಲ್ಲ ಸೂಜಿ ಬೇಡ, ಎಣ್ಣೆಯೇ ಸಾಕು ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಈಗ ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆಗೆ, ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಗೆ. ಎರಡಕ್ಕೂ ನಂಬರ್ ಒಂದೇ, 1962. ಪಶು ಸಂಜೀವಿನಿ ವಾಹನ ಮನೆಬಾಗಿಲಿಗೆ ಬರುತ್ತದೆ. ಫೋನ್ ಎತ್ತಿದವರಿಗೆ ಮೊದಲು ಹೇಳಿ: ಏನು ಕಚ್ಚಿತು ಅಥವಾ ಏನು ಚುಚ್ಚಿತು, ಯಾವಾಗ, ತಳ ಕಾಣುತ್ತದೆಯಾ. ಆಮೇಲೆ ಡಾಕ್ಟರು ಬಂದಾಗ, ನೀವು ಏನು ಹಚ್ಚಿದ್ದೀರೋ ಅದನ್ನು ಒರೆಸಿ ಮುಚ್ಚಿಡಬೇಡಿ. ಸುಣ್ಣವೋ, ಬೂದಿಯೋ, ಹರಳು ಔಷಧಿಯೋ, ಇದ್ದದ್ದು ಇದ್ದ ಹಾಗೆ ಹೇಳಿ. ಅವರು ಬೈದರೂ ಹೇಳಿ.